‘15ರವರೆಗೆ ರಜೆ’

ಮನೆಗೆ ಬೀಗ ಹಾಕಿ ಊರಿಗೆ ಹೊರಡುವವನು ಪಕ್ಕದ ಮನೆಯವರಿಗೆ ಎರಡು ಮಾತು ಹೇಳಿ ಹೋಗುವುದು ನಮ್ಮಲ್ಲಿ ಹಳೆಯ ವಾಡಿಕೆ. ಎಂದು ಹಿಂದಿರುಗುತ್ತೇನೆ ಎಂಬುದು ಒಂದು. ನಡುವೆ ಯಾರಾದರೂ ಬಂದರೆ ಅವರಿಗೆ ಏನು ಹೇಳಬೇಕು ಎಂಬುದು ಇನ್ನೊಂದು. ನಾವು ಎಷ್ಟೇ ಅವಸರದಲ್ಲಿ, ಎಷ್ಟೇ ಅಸ್ಪಷ್ಟವಾಗಿ ಹೇಳಿದರೂ ನೆರೆಯವರು ಅದನ್ನು ತಿದ್ದಿಕೊಂಡು ಬಂದವರಿಗೆ ತಿಳಿಸುತ್ತಾರೆ. “ಶುಕ್ರವಾರ ಬರ್ತೀನಿ ಅಂದಿದ್ರು. ಆದ್ರೆ ಅವರ ಬಸ್ಸು ಬರೋದೇ ರಾತ್ರಿ ಹತ್ತಕ್ಕೆ. ನೀವು ಶನಿವಾರ ಬೆಳಿಗ್ಗೆ ಬನ್ನಿ” ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಇಲ್ಲದ ಅರ್ಥವನ್ನು ತಮ್ಮ ಲೋಕಜ್ಞಾನದಿಂದ ತುಂಬಿಕೊಡುತ್ತಾರೆ.

ಈಗ ಆ ನೆರೆಯವರ ಕೆಲಸವನ್ನು ನಾವು ಮಿಂಚಂಚೆಯ ಪೆಟ್ಟಿಗೆಗೆ ಒಪ್ಪಿಸಿದ್ದೇವೆ. ಹೊರಡುವ ಮುನ್ನ ನಾಲ್ಕು ಸಾಲು ಬರೆದಿಟ್ಟರೆ, ಬಂದ ಪತ್ರಗಳಿಗೆಲ್ಲ ಅದು ತಾನೇ ಉತ್ತರ ಕೊಡುತ್ತದೆ: ಇವರು ಕಚೇರಿಯಲ್ಲಿಲ್ಲ, ಇಂಥ ದಿನ ಬರುತ್ತಾರೆ, ಅಲ್ಲಿಯತನಕ ಭೇಟಿಯ ಕೋರಿಕೆಗಳನ್ನು ಇಂಥವರು ನೋಡಿಕೊಳ್ಳುತ್ತಾರೆ ಎಂದು. ಆದರೆ ಈ ನೆರೆಯವನಿಗೆ ಲೋಕಜ್ಞಾನವಿಲ್ಲ. ನಾವು ಬರೆದುದನ್ನು ಅಕ್ಷರಶಃ ಒಪ್ಪಿಸುವುದಷ್ಟೇ ಅವನಿಗೆ ಗೊತ್ತು. ನಮ್ಮ ವಾಕ್ಯದಲ್ಲಿ ಎರಡು ಅರ್ಥಗಳಿದ್ದರೆ ಎರಡನ್ನೂ ಬಂದವರ ಕೈಗಿಟ್ಟು ಸುಮ್ಮನಾಗುತ್ತಾನೆ. ಇಪ್ಪತ್ತು ವರ್ಷ ಕನ್ನಡ ವ್ಯಾಕರಣವನ್ನು ಪಾಠ ಹೇಳಿದ ನಾನು ಇಂಥ ನಾಲ್ಕು ಸಾಲುಗಳಲ್ಲಿ ಎಡವಿದೆ. ಬಿದ್ದ ಪೆಟ್ಟು ಮಾತ್ರ ಇನ್ನೊಬ್ಬನಿಗೆ ತಗುಲಿತು. ಆ ಸಂಗತಿಯನ್ನು ಇಲ್ಲಿ ಬರೆದಿದ್ದೇನೆ.

2023ರ ಜುಲೈ ತಿಂಗಳು. ಪದವಿ ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕಾಗಿ ನಾನು ಬೇರೆ ಊರಿಗೆ ಹೋಗಬೇಕಾಗಿತ್ತು. 5ನೆಯ ತಾರೀಖು ಬುಧವಾರದಿಂದ 15ನೆಯ ತಾರೀಖು ಶನಿವಾರದವರೆಗೆ ಕೆಲಸ. 16 ಭಾನುವಾರ. 17, ಸೋಮವಾರ ನಾನು ಮತ್ತೆ ಕಾಲೇಜಿಗೆ ಬರುವುದು. ಮೌಲ್ಯಮಾಪನದ ಹಾಲಿನಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ದೂರವಾಣಿಯನ್ನು ಆರಿಸಿಡಬೇಕು. ಹಾಗಾಗಿ ಹೊರಡುವ ದಿನ ಬಸ್ಸಿಗೆ ಹೊತ್ತಾಗುತ್ತಿದ್ದಾಗ ಅಂಚೆಪೆಟ್ಟಿಗೆಯಲ್ಲಿ ಹೀಗೆ ಬರೆದಿಟ್ಟೆ: “15ರವರೆಗೆ ರಜೆಯಲ್ಲಿದ್ದೇನೆ. ಭೇಟಿಯ ಕೋರಿಕೆಗಳನ್ನು ವಿಭಾಗದಲ್ಲಿ ನೋಡಿಕೊಳ್ಳಲಾಗುವುದು.” ಎರಡೇ ವಾಕ್ಯ, ಚುಟುಕಾಗಿದೆ, ಚೆನ್ನಾಗಿದೆ ಎಂದು ನನಗೆ ನಾನೇ ಮೆಚ್ಚಿಕೊಂಡೆ.

ನಮ್ಮ ಸ್ನಾತಕೋತ್ತರ ವಿಭಾಗದ ಒಬ್ಬ ವಿದ್ಯಾರ್ಥಿ ನನ್ನ ಮಾರ್ಗದರ್ಶನದಲ್ಲಿ ತನ್ನ ಊರಿನ ಸುತ್ತಲಿನ ಒಕ್ಕಲುತನದ ಪದಗಳನ್ನು ಕುರಿತು ಸಂಪ್ರಬಂಧ ಬರೆದಿದ್ದ. ಸಲ್ಲಿಸುವ ಕಡೆಯ ದಿನ ಜುಲೈ 15, ಮಧ್ಯಾಹ್ನ 1 ಗಂಟೆ. ಮೊದಲ ಪುಟದ ಪ್ರಮಾಣಪತ್ರಕ್ಕೆ ನನ್ನ ಸಹಿ ಬೇಕು. 8ನೆಯ ತಾರೀಖು ಅವನು ನನಗೊಂದು ಪತ್ರ ಕಳುಹಿಸಿದ: “ಸಾರ್, ಸಹಿಗಾಗಿ ಎಂದು ಬಂದು ಕಾಣಲಿ?” ನನ್ನ ಎರಡು ವಾಕ್ಯಗಳು ಅವನಿಗೆ ಹೋದವು. ಅವನಿಗೆ ಸ್ವಲ್ಪ ಆತಂಕವಾಯಿತು. 10ನೆಯ ತಾರೀಖು ಮತ್ತೆ ಬರೆದ: “ಹಾಗಾದರೆ 15ರ ಬೆಳಿಗ್ಗೆಯೇ ಬರುತ್ತೇನೆ, ಆಗಬಹುದೇ ಸಾರ್?” ಈ ಸಲ ಉತ್ತರವೇ ಬರಲಿಲ್ಲ. ‘ಬೇಡ’ ಎನ್ನಲಿಲ್ಲವಾದ್ದರಿಂದ ಸಾರ್ ಪತ್ರ ನೋಡಿ ಒಪ್ಪಿದ್ದಾರೆ ಎಂದು ಅವನು ತಿಳಿದ. 15ರ ನಸುಕಿನಲ್ಲಿ ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ ಬಂದ. ನಾನಿರಲಿಲ್ಲ. ವಿಭಾಗದ ಬಾಗಿಲಿಗೆ ಬೀಗ. ಏಕೆಂದರೆ ವಿಭಾಗದ ಮುಖ್ಯಸ್ಥರೂ ನನ್ನ ಜೊತೆ ಅದೇ ಹಾಲಿನಲ್ಲಿ ಕೆಂಪು ಪೆನ್ನು ಹಿಡಿದು ಕುಳಿತಿದ್ದರು. ಕಚೇರಿಯಲ್ಲಿ ಕೇಳಿದರೆ “ವಿಭಾಗದವರನ್ನೇ ಕೇಳಪ್ಪ” ಎಂಬ ಉತ್ತರ ಬಂತು. ಮಾರ್ಗದರ್ಶಕರು ಇಲ್ಲದಾಗ ಪ್ರಾಂಶುಪಾಲರು ಸಹಿ ಮಾಡಬಹುದೆಂಬ ನಿಯಮವಿತ್ತು. ಅದನ್ನು ಅವನಿಗೆ ಹೇಳುವವರು ಯಾರೂ ಅಲ್ಲಿರಲಿಲ್ಲ. ಒಂದು ಗಂಟೆ ಹೊಡೆಯಿತು.

17ರಂದು ನಾನು ಬಂದಾಗ ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಕೋಪವನ್ನೇನೂ ತೋರಲಿಲ್ಲ. “ಹದಿನೈದರವರೆಗೆ ಅಂತ ಬರೆದಿದ್ರಲ್ಲ ಸಾರ್, ಹದಿನೈದಕ್ಕೆ ಸಿಗ್ತೀರಿ ಅಂದ್ಕೊಂಡೆ” ಎಂದ. ನಾನು ಓಡಾಡಿ ಮನವಿ ಬರೆದುಕೊಟ್ಟೆ. ಫಲವಾಗಲಿಲ್ಲ. ಅವನ ಪದವಿ ಆರು ತಿಂಗಳು ಹಿಂದೆ ಬಿತ್ತು. ಆ ವರ್ಷ ಅವನು ಹಾಕಬೇಕೆಂದಿದ್ದ ಒಂದು ಅರ್ಜಿ ಹಾಕದೆಯೇ ಉಳಿಯಿತು.

ಅಂದು ರಾತ್ರಿ ನಾನು ಬರೆದಿದ್ದ ಎರಡು ವಾಕ್ಯಗಳನ್ನು ಮುಂದಿಟ್ಟುಕೊಂಡು ಕುಳಿತೆ. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಅವು ಇದ್ದಿದ್ದರೆ ನಾನು ಎಷ್ಟು ಅಂಕ ಕೊಡುತ್ತಿದ್ದೆ?

‘15ರವರೆಗೆ’ ಎಂಬುದನ್ನು ಮೊದಲು ನೋಡೋಣ. ‘ವರೆಗೆ’ ಎಂಬುದು ಎಲ್ಲೆಯನ್ನು ತೋರಿಸುವ ಅವ್ಯಯ. ಆದರೆ ಆ ಎಲ್ಲೆ ಒಳಗೆ ಸೇರಿತೋ ಹೊರಗೆ ಉಳಿಯಿತೋ ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ. ಕವಿರಾಜಮಾರ್ಗವು ಕನ್ನಡ ನಾಡಿನ ಹರಹನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದಾಗ, ಗೋದಾವರಿಯ ನೀರು ನಾಡಿನೊಳಗಿನದೋ ಹೊರಗಿನದೋ ಎಂದು ಯಾರೂ ಜಗಳವಾಡುವುದಿಲ್ಲ. ಅಷ್ಟು ದೊಡ್ಡ ಮಾತಿನಲ್ಲಿ ಅದರ ಗೊಡವೆ ಬೇಕಿಲ್ಲ. ‘ಹತ್ತನೆಯ ಪುಟದವರೆಗೆ ಓದಿ’ ಎಂದರೆ ಹತ್ತನೆಯ ಪುಟವೂ ಸೇರಿತು ಎಂದೇ ಮಕ್ಕಳು ತಿಳಿಯುತ್ತಾರೆ. ‘ಐದು ಗಂಟೆಯವರೆಗೆ ಕಾದೆ’ ಎಂದರೆ ಐದಕ್ಕೆ ಕಾಯುವುದು ಮುಗಿಯಿತು. ದಿನದ ವಿಷಯ ಬಂದಾಗ ಈ ಎರಡು ಬಗೆಯ ಅರ್ಥವೂ ಒಂದೇ ಮಾತಿನಲ್ಲಿ ಮನೆಮಾಡಿಕೊಳ್ಳುತ್ತವೆ. ‘15ರವರೆಗೆ ರಜೆ’ ಎಂದರೆ 15ರಂದು ಬರುತ್ತೇನೆ ಎಂದೂ ಆಗಬಹುದು. 15 ಕಳೆದು 16ರಂದು ಬರುತ್ತೇನೆ ಎಂದೂ ಆಗಬಹುದು. 16 ಭಾನುವಾರವಾದ್ದರಿಂದ ನನ್ನ ಮನಸ್ಸಿನಲ್ಲಿ ಇದ್ದದ್ದು 17. ಅಂದರೆ ನಾನು ಬರೆದ ಒಂದು ಸಂಖ್ಯೆಯೊಳಗೆ ಮೂರು ದಿನಗಳು ಅಡಗಿದ್ದವು. ಅವುಗಳಲ್ಲಿ ನಿಜವಾದದ್ದು ಮಾತ್ರ ಕಾಗದದ ಮೇಲೆ ಬಂದಿರಲಿಲ್ಲ.

ಇದು ಕನ್ನಡಕ್ಕೆ ಮಾತ್ರ ಅಂಟಿದ ತೊಡಕಲ್ಲ. ಈ ಬಗೆಯ ತಾನಾಗಿ ಉತ್ತರಿಸುವ ಪತ್ರದ ಪೂರ್ವಜವೊಂದನ್ನು ಹುಡುಕುತ್ತ ಹೋದರೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೆ ಬಂದು ನಿಲ್ಲುತ್ತೇವೆ. 1980ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಎರಿಕ್ ಆಲ್ಮನ್ ಎಂಬವರು `vacation` ಎಂಬ ಹೆಸರಿನ ಒಂದು ಚಿಕ್ಕ ಕ್ರಮವಿಧಿಯನ್ನು ಬರೆದರು. ಹೋಗುವವನು ತನ್ನ ಸಂದೇಶವನ್ನು `.vacation.msg` ಎಂಬ ಕಡತದಲ್ಲಿ ಬರೆದಿಡಬೇಕು. ಹೇಗೆ ಬರೆಯಬೇಕೆಂದು ತೋರಿಸಲು ಅದರ ಕೈಪಿಡಿಯಲ್ಲಿ ಒಂದು ಮಾದರಿಯನ್ನೂ ಕೊಟ್ಟಿದ್ದಾರೆ. ಆ ಮಾದರಿಯ ತಿರುಳು ಇಷ್ಟೇ: ಎರಿಕ್ ಜುಲೈ 22ರವರೆಗೆ ರಜೆಯಲ್ಲಿದ್ದಾರೆ, ಅವಸರದ ಕೆಲಸವಿದ್ದವರು ಕೀತ್ ಬಾಸ್ಟಿಕ್ ಅವರಿಗೆ ಬರೆಯಬೇಕು. ಜೊತೆಗೆ ಬಾಸ್ಟಿಕ್ ಅವರ ಅಂಚೆ ವಿಳಾಸ. ಇಂದು ಲೋಕದ ಕಚೇರಿಗಳಲ್ಲೆಲ್ಲ ಓಡಾಡುವ ಈ ಪತ್ರಪ್ರಕಾರದ ಎರಡು ಅಂಗಗಳು, ಹಿಂದಿರುಗುವ ದಿನ ಮತ್ತು ನಡುವೆ ನೋಡಿಕೊಳ್ಳುವವರ ಹೆಸರು, ಆಗಲೇ ಅಲ್ಲಿವೆ. ಹಾಗೆಯೇ ನನ್ನನ್ನು ಎಡವಿಸಿದ ಆ ‘ವರೆಗೆ’ಯೂ ಅಲ್ಲಿಯೇ ಇದೆ. 22ರಂದು ಎರಿಕ್ ಮೇಜಿನ ಮುಂದೆ ಇರುತ್ತಾರೆಯೇ ಇಲ್ಲವೇ ಎಂದು ಆ ಮಾದರಿಯಿಂದ ತಿಳಿಯುವಂತಿಲ್ಲ. ಆದರೆ ಎರಡನೆಯ ಅಂಗದಲ್ಲಿ ಅವರು ನನಗಿಂತ ಬಹಳ ಜಾಣರು: ಒಬ್ಬ ಮನುಷ್ಯನ ಹೆಸರನ್ನು ಹೇಳಿದ್ದಾರೆ, ಅವನನ್ನು ತಲಪುವ ದಾರಿಯನ್ನೂ ಹೇಳಿದ್ದಾರೆ.

ನನ್ನ ಎರಡನೆಯ ವಾಕ್ಯದಲ್ಲಿ ಹೆಸರೇ ಇಲ್ಲ. ‘ವಿಭಾಗದಲ್ಲಿ ನೋಡಿಕೊಳ್ಳಲಾಗುವುದು.’ ಯಾರು ನೋಡಿಕೊಳ್ಳುವವರು? ಕರ್ಮಣಿ ಪ್ರಯೋಗವು ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದು ಎಂದು ನಾನೇ ತರಗತಿಯಲ್ಲಿ ಹೇಳುತ್ತಿರುತ್ತೇನೆ. ಕಚೇರಿಯ ಕನ್ನಡ ಅದನ್ನು ಏಕೆ ಇಷ್ಟು ಪ್ರೀತಿಸುತ್ತದೆ ಎಂಬುದು ಆ ರಾತ್ರಿ ನನಗೆ ಮನವರಿಕೆಯಾಯಿತು. ಅದರಲ್ಲಿ ಕರ್ತೃವನ್ನು ಹೇಳದೆಯೇ ವಾಕ್ಯವನ್ನು ಮುಗಿಸಬಹುದು. ಯಾರನ್ನೂ ಕೇಳಿ ಒಪ್ಪಿಸುವ ಶ್ರಮವಿಲ್ಲ. ಯಾರ ಮೇಲೂ ಹೊಣೆ ಬೀಳುವುದಿಲ್ಲ. ‘ಇಂಥವರು ನೋಡಿಕೊಳ್ಳುತ್ತಾರೆ’ ಎಂದು ಕರ್ತರಿಯಲ್ಲಿ ಬರೆಯಲು ಹೊರಟಿದ್ದರೆ, ಆ ‘ಇಂಥವರು’ ಯಾರು ಎಂದು ನಾನು ನಿಂತು ಯೋಚಿಸಲೇಬೇಕಾಗುತ್ತಿತ್ತು. ಯೋಚಿಸಿದ್ದರೆ ಮುಖ್ಯಸ್ಥರೂ ನನ್ನ ಜೊತೆಗೇ ಬರುತ್ತಿದ್ದಾರೆಂಬುದು ಅಲ್ಲಿಯೇ ಹೊಳೆಯುತ್ತಿತ್ತು. ವ್ಯಾಕರಣದ ಒಂದು ಆಯ್ಕೆ ನನ್ನ ಅಲಕ್ಷ್ಯವನ್ನು ನನ್ನಿಂದಲೇ ಮುಚ್ಚಿಟ್ಟಿತು.

ಇನ್ನು ವಿದ್ಯಾರ್ಥಿಯ ಎರಡನೆಯ ಪತ್ರಕ್ಕೆ ಉತ್ತರ ಹೋಗದಿದ್ದುದು ಏಕೆ? ಯಂತ್ರ ಕೆಟ್ಟಿತ್ತೆಂದು ಮೊದಲು ಭಾವಿಸಿದ್ದೆ. ಕೆಟ್ಟಿರಲಿಲ್ಲ, ಅದು ನಡೆಯಬೇಕಾದುದೇ ಹಾಗೆ. ಇಬ್ಬರು ಒಂದೇ ವಾರ ರಜೆ ಹಾಕಿ ಇಬ್ಬರೂ ಇಂಥ ಉತ್ತರವನ್ನು ಇಟ್ಟು ಹೋದರೆಂದುಕೊಳ್ಳಿ. ಒಬ್ಬನ ಪೆಟ್ಟಿಗೆ ಇನ್ನೊಬ್ಬನ ಪೆಟ್ಟಿಗೆಗೆ ‘ನಾನಿಲ್ಲ’ ಎನ್ನುತ್ತದೆ. ಅದಕ್ಕೆ ಆ ಪೆಟ್ಟಿಗೆ ‘ನಾನೂ ಇಲ್ಲ’ ಎನ್ನುತ್ತದೆ. ಇಬ್ಬರು ಯಜಮಾನರೂ ಇಲ್ಲದ ಮನೆಗಳ ನಡುವೆ ಈ ಸಂಭಾಷಣೆ ಹಗಲಿರುಳು ನಡೆದು ಅಂಚೆಪೆಟ್ಟಿಗೆಗಳು ತುಂಬಿಹೋಗುತ್ತವೆ. ಇದನ್ನು ತಡೆಯಲು ಆಲ್ಮನ್ ಅವರ ಕ್ರಮವಿಧಿಯೇ ಒಂದು ಉಪಾಯ ಮಾಡಿತ್ತು. ಯಾರಿಗೆ ಉತ್ತರ ಕೊಟ್ಟೆನೆಂದು ಅದು ಪಟ್ಟಿ ಇಟ್ಟುಕೊಳ್ಳುತ್ತದೆ. ಒಬ್ಬನಿಗೆ ಒಮ್ಮೆ ಹೇಳಿದ ಮೇಲೆ, ಬೇರೆ ಅವಧಿಯನ್ನು ಗೊತ್ತುಮಾಡದಿದ್ದರೆ, ಒಂದು ವಾರ ಮತ್ತೆ ಹೇಳುವುದಿಲ್ಲ. 2004ರಲ್ಲಿ ಇಂಥ ಉತ್ತರಗಳ ನಡವಳಿಕೆಯನ್ನು ಆರ್‌ಎಫ್‌ಸಿ 3834 ಎಂಬ ನಿಯಮಪತ್ರದಲ್ಲಿ ಬರೆದಿಟ್ಟರು. ಯಂತ್ರದ ಉತ್ತರದ ತಲೆಯ ಮೇಲೆ `Auto-Submitted: auto-replied` ಎಂಬ ಗುರುತಿನ ಸಾಲು ಇರಬೇಕು, ಅಂಥ ಗುರುತನ್ನು ಕಂಡ ಇನ್ನೊಂದು ಯಂತ್ರ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅದರಲ್ಲಿನ ಒಂದು ಮುಖ್ಯ ಕಟ್ಟಳೆ. ಇಂದಿನ ಅಂಚೆ ಸೇವೆಗಳು ಇದೇ ಜಾಡಿನಲ್ಲಿ ನಡೆಯುತ್ತವೆ. ಜಿಮೇಲಿನಲ್ಲಿ ಒಬ್ಬನಿಗೆ ಒಮ್ಮೆ ಹೋದ ಉತ್ತರ ನಾಲ್ಕು ದಿನ ಕಳೆದ ಮೇಲೆ ಅವನು ಮತ್ತೆ ಬರೆದರೆ ಮಾತ್ರ ಪುನಃ ಹೋಗುತ್ತದೆ.

ನನ್ನ ವಿದ್ಯಾರ್ಥಿ 8ರಂದು ಒಮ್ಮೆ, 10ರಂದು ಒಮ್ಮೆ ಬರೆದ. ನಡುವೆ ಇದ್ದದ್ದು ಎರಡೇ ದಿನ. ಯಂತ್ರ ಮರ್ಯಾದೆಯಿಂದ ಸುಮ್ಮನಿತ್ತು. ಆ ಮೌನವನ್ನು ಹುಡುಗ ಸಮ್ಮತಿಯೆಂದು ಓದಿಕೊಂಡ. ಮೌನಂ ಸಮ್ಮತಿಲಕ್ಷಣಂ ಎಂದು ನಾವೇ ಕಲಿಸಿಲ್ಲವೇ? ಈ ನಿಯಮವನ್ನು ನಾವು ಬದಲಾಯಿಸುವ ಹಾಗಿಲ್ಲ, ಬದಲಾಯಿಸುವುದು ಒಳ್ಳೆಯದೂ ಅಲ್ಲ. ಆದರೆ ಮೊದಲ ಉತ್ತರದಲ್ಲಿಯೇ ಒಂದು ಸಾಲನ್ನು ಸೇರಿಸಬಹುದು: ಇದು ಯಂತ್ರ ಕಳುಹಿಸಿದ್ದು, ನಿಮ್ಮ ಪತ್ರವನ್ನು ನಾನು ಇನ್ನೂ ಓದಿಲ್ಲ, ಮತ್ತೆ ಬರೆದರೆ ಉತ್ತರ ಬಾರದೆ ಇರಬಹುದು ಎಂದು.

ಆ ಒಂದು ಸಾಲು ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ನಡೆದ ಒಂದು ಘಟನೆ ಸಾಕ್ಷಿ. ನಮ್ಮ ಫಲಕಗಳಂತೆ ಅಲ್ಲಿಯ ರಸ್ತೆಯ ಫಲಕಗಳೂ ಎರಡು ಭಾಷೆಗಳಲ್ಲಿರುತ್ತವೆ, ವೆಲ್ಷ್ ಮತ್ತು ಇಂಗ್ಲಿಷ್. 2008ರಲ್ಲಿ ಸ್ವಾನ್ಸಿ ನಗರದ ಆಡಳಿತದವರು ಭಾರಿ ಸರಕು ವಾಹನಗಳಿಗೆ ಪ್ರವೇಶವಿಲ್ಲ, ಇದು ವಾಸದ ಪ್ರದೇಶ ಎಂಬ ಫಲಕವನ್ನು ಹಾಕಿಸಬೇಕಾಗಿತ್ತು. ಇಂಗ್ಲಿಷ್ ವಾಕ್ಯವನ್ನು ಮಿಂಚಂಚೆಯಲ್ಲಿ ತಮ್ಮ ಭಾಷಾಂತರ ಶಾಖೆಗೆ ಕಳುಹಿಸಿದರು. ವೆಲ್ಷ್ ಭಾಷೆಯಲ್ಲಿ ಉತ್ತರ ಬಂತು. ಕೇಳಿದವರಿಗೆ ವೆಲ್ಷ್ ಬಾರದು. ಬಂದದ್ದೇ ಅನುವಾದವೆಂದು ತಿಳಿದು, ಅದನ್ನು ಹಾಗೆಯೇ ಬರೆಸಿ ರಸ್ತೆಯ ಬದಿಯಲ್ಲಿ ನಿಲ್ಲಿಸಿದರು. ವೆಲ್ಷ್ ಬಲ್ಲವರು ಬಂದು ನೋಡಿದಾಗ, ತಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವೇನಾದರೂ ಇದ್ದರೆ ಕಳುಹಿಸಿ ಎಂದು ಆ ಫಲಕ ಹೋಗುವ ಬರುವ ಲಾರಿಗಳಿಗೆಲ್ಲ ಹೇಳುತ್ತಿತ್ತು. ಕೊನೆಗೆ ಅದನ್ನು ಕಿತ್ತು ತೆಗೆದರು.

ಈ ಕಥೆಯನ್ನು ಕೇಳಿದವರೆಲ್ಲ ನಗುತ್ತಾರೆ. ನಾನೂ ಬಹಳ ವರ್ಷ ನಕ್ಕಿದ್ದೆ. ನನ್ನ ತಪ್ಪಿನ ಅನಂತರ ಅದನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಫಲಕಕ್ಕೆ ಏರಿದ ಆ ಮಾತುಗಳಲ್ಲಿ ಏನು ಇರಲಿಲ್ಲ ಎಂಬುದನ್ನು ಗಮನಿಸಿ. ಹಿಂದಿರುಗುವ ದಿನ ಇರಲಿಲ್ಲ. ಅಲ್ಲಿಯತನಕ ನೋಡಿಕೊಳ್ಳುವವರ ಹೆಸರಿರಲಿಲ್ಲ. ಇವೆರಡು ಇದ್ದಿದ್ದರೆ ಆ ಉತ್ತರ ಫಲಕವಾಗುತ್ತಿತ್ತೇ? ಒಂದು ಭಾಷೆಯ ಅಕ್ಷರವನ್ನು ಮಾತ್ರ ಬಲ್ಲ, ಅರ್ಥವನ್ನು ಅರಿಯದ ಓದುಗನಿಗೂ ತಿಳಿಯುವ ವಸ್ತುಗಳು ಕೆಲವೇ ಇವೆ: ಅಂಕಿಯಲ್ಲಿ ಬರೆದ ತಾರೀಖು, ಮನುಷ್ಯನ ಹೆಸರು, ಅಂಚೆಯ ವಿಳಾಸ, ದೂರವಾಣಿಯ ಸಂಖ್ಯೆ. ಲಾರಿಗಳನ್ನು ತಡೆಯುವ ಫಲಕದಲ್ಲಿ ಒಂದು ತಾರೀಖೂ ಒಬ್ಬರ ಹೆಸರೂ ಕಂಡಿದ್ದರೆ ವೆಲ್ಷ್ ತಿಳಿಯದ ಗುಮಾಸ್ತನೂ ‘ಇದೇನು?’ ಎಂದು ಕೈ ತಡೆಯುತ್ತಿದ್ದ. ಹಾಗೆಯೇ ಬೇರೆ ಭಾಷೆಯವರೂ ಬರೆಯುವ ಪೆಟ್ಟಿಗೆಯಾದರೆ ಉತ್ತರವನ್ನು ಅವರ ಭಾಷೆಯಲ್ಲಿಯೂ ಎರಡು ಸಾಲು ಬರೆದಿಡುವುದು ಅವಶ್ಯಕ. ನಮ್ಮ ವಿಭಾಗಕ್ಕೆ ಹೊರ ರಾಜ್ಯದ ವಿದ್ವಾಂಸರೂ ಬರೆಯುತ್ತಾರೆ. ನನ್ನ ಕನ್ನಡದ ಉತ್ತರವನ್ನು ಅವರು ಏನೆಂದು ತಿಳಿದರೋ!

ಇಷ್ಟಾದ ಮೇಲೆ ನನ್ನ ಉತ್ತರವನ್ನು ತಿದ್ದಿ ಬರೆದೆ. 2023ರ ಆ ಸಂದರ್ಭಕ್ಕೆ ಅದು ಹೀಗಿರಬೇಕಾಗಿತ್ತು:

“ಇದು ಯಂತ್ರದ ಮೂಲಕ ಬಂದ ಉತ್ತರ. ನಿಮ್ಮ ಪತ್ರವನ್ನು ನಾನು ಇನ್ನೂ ಓದಿಲ್ಲ. ಮತ್ತೆ ಬರೆದರೆ ಉತ್ತರ ಬಾರದೆ ಇರಬಹುದು. ಮೌಲ್ಯಮಾಪನದ ಕೆಲಸಕ್ಕಾಗಿ ಪರಸ್ಥಳದಲ್ಲಿದ್ದೇನೆ. 2023ನೆಯ ಜುಲೈ 17, ಸೋಮವಾರ ಬೆಳಿಗ್ಗೆ 10 ಗಂಟೆಗೆ ಕಾಲೇಜಿನಲ್ಲಿ ಸಿಗುತ್ತೇನೆ. ಅದಕ್ಕೆ ಮುಂಚೆ ಭೇಟಿಯ ದಿನವನ್ನು ಗೊತ್ತುಮಾಡಿಕೊಳ್ಳಬೇಕಾದವರು ನಮ್ಮ ವಿಭಾಗದ ಇಂಥವರಿಗೆ ಬರೆಯಿರಿ. ಸಂಪ್ರಬಂಧಕ್ಕೆ ಸಹಿ ಬೇಕಾದವರು ನನಗಾಗಿ ಕಾಯಬೇಡಿ. ಪ್ರಾಂಶುಪಾಲರ ಕಚೇರಿಯಲ್ಲಿ ಇಂಥವರನ್ನು ಕಾಣಿರಿ.”

‘ಇಂಥವರು’ ಎಂದಿರುವ ಕಡೆ ನಿಜವಾದ ಹೆಸರು, ಅಂಚೆ ವಿಳಾಸ, ಕಚೇರಿಯ ದೂರವಾಣಿ ಇರಬೇಕೆಂದು ಬೇರೆ ಹೇಳಬೇಕಾಗಿಲ್ಲ. ‘ವರೆಗೆ’ ಹೋಗಿದೆ. ಹೋಗಿರುವ ದಿನಗಳನ್ನು ಎಣಿಸುವುದನ್ನು ಬಿಟ್ಟು, ಸಿಗುವ ದಿನವನ್ನು ಹೇಳಿದೆ; ಬರೆಯುವವನಿಗೆ ಬೇಕಾದದ್ದು ಅದೊಂದೇ. ತಾರೀಖಿನ ಜೊತೆಗೆ ವಾರವನ್ನೂ ಬರೆದರೆ ಒಂದು ಇನ್ನೊಂದಕ್ಕೆ ಕಾವಲು: ಬರೆಯುವಾಗ ಕೈತಪ್ಪಿ 17ರ ಬದಲು 18 ಬಿದ್ದರೆ ಸೋಮವಾರ ಅದನ್ನು ಹಿಡಿದುಕೊಡುತ್ತದೆ. ‘ಮುಂದಿನ ಸೋಮವಾರ’ ಎಂದು ಬರೆಯುವುದು ಮಾತ್ರ ಅಪಾಯ. ನಾನು ಬರೆಯುವ ದಿನ ಒಂದು, ಅವನು ಓದುವ ದಿನ ಇನ್ನೊಂದು. ಈ ಮಾತು ಓದುವವನ ಜೊತೆಗೆ ತಾನೂ ಮುಂದೆ ಮುಂದೆ ಸರಿಯುತ್ತ ಹೋಗುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಿಂದ ಬರೆದದ್ದಕ್ಕೂ ಕಾರಣವಿದೆ. 5/7 ಎಂದರೆ ನಮಗೆ ಜುಲೈ 5, ಅಮೆರಿಕದಲ್ಲಿರುವ ನಮ್ಮ ಹುಡುಗರಿಗೆ ಮೇ 7.

ಹೆಸರನ್ನು ಬರೆಯುವ ಮುನ್ನ ಆ ಹೆಸರಿನವರ ಬಳಿಗೆ ಹೋಗಿ ಕೇಳಬೇಕು. ಇದು ಸೌಜನ್ಯದ ಮಾತಷ್ಟೇ ಅಲ್ಲ. ನನ್ನ ಪರವಾಗಿ ಭೇಟಿಯ ವೇಳೆಯನ್ನು ಗೊತ್ತುಮಾಡುವವರಿಗೆ 17ರಿಂದಾಚೆ ನಾನು ಯಾವ ಯಾವ ಹೊತ್ತಿನಲ್ಲಿ ಬಿಡುವಾಗಿದ್ದೇನೆ ಎಂಬುದು ಗೊತ್ತಿರಬೇಕು. ಅದಿಲ್ಲದಿದ್ದರೆ ಅವರೂ ‘ಅವರು ಬಂದ ಮೇಲೆ ಕೇಳಿ’ ಎನ್ನಬೇಕಾಗುತ್ತದೆ. ಅದನ್ನು ಹೇಳಲು ಯಂತ್ರವೇ ಸಾಕಾಗಿತ್ತು. ತಾವೇ ತೀರ್ಮಾನಿಸಬಹುದಾದ ಸಂಗತಿ ಯಾವುದು, ನನಗಾಗಿ ಇಟ್ಟುಕೊಳ್ಳಬೇಕಾದದ್ದು ಯಾವುದು ಎಂಬುದೂ ಅವರಿಗೆ ತಿಳಿದಿರಬೇಕು. ಎಲ್ಲಕ್ಕಿಂತ ಮೊದಲು, ಆ ದಿನಗಳಲ್ಲಿ ಅವರು ಊರಿನಲ್ಲಿರಬೇಕು. ನನ್ನ ಉತ್ತರ ಅವರನ್ನು ಕೇಳಿ ಎಂದು, ಅವರ ಉತ್ತರ ನನ್ನನ್ನು ಕೇಳಿ ಎಂದು ಹೇಳುವ ಸಂದರ್ಭ ಕಚೇರಿಗಳಲ್ಲಿ ಅಪರೂಪವೇನಲ್ಲ.

ಭೇಟಿಯ ಕೋರಿಕೆಯಲ್ಲಿ ಇನ್ನೊಂದು ಬಗೆಯಿದೆ. ಕೆಲವರು ಪತ್ರ ಬರೆದು ಕೇಳುವುದಿಲ್ಲ. ಗಣಕದ ಪಂಚಾಂಗದ ಮೂಲಕ ಸಭೆಯ ಆಹ್ವಾನವನ್ನೇ ಕಳುಹಿಸುತ್ತಾರೆ. ಅದೇ ಜುಲೈ 12ರಂದು ನಡೆದ ಒಂದು ಪಠ್ಯ ಸಮಿತಿಯ ಸಭೆಗೆ ನನಗೂ ಹೀಗೆ ಆಹ್ವಾನ ಬಂದಿತ್ತು. ನಾನಿಲ್ಲವೆಂಬ ಉತ್ತರ ಪೆಟ್ಟಿಗೆಯಿಂದ ಹೋಯಿತು. ಆದರೆ ಅಂಚೆಯ ಉತ್ತರ ಬೇರೆ, ಪಂಚಾಂಗದ ಆಹ್ವಾನವನ್ನು ಒಲ್ಲೆನೆಂದು ತಿರುಗಿಸುವುದು ಬೇರೆ. ಸಭೆ ಕರೆದವರ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ‘ಉತ್ತರ ಬಂದಿಲ್ಲ’ ಎಂದೇ ಉಳಿದಿತ್ತು. ಅವರು ನನಗಾಗಿ ಸ್ವಲ್ಪ ಹೊತ್ತು ಕಾದರಂತೆ. ಗೂಗಲ್ ಪಂಚಾಂಗದಲ್ಲಿ `Out of office` ಎಂದು ಆ ದಿನಗಳನ್ನು ಬೇರೆಯಾಗಿ ಗುರುತಿಸಿಟ್ಟರೆ ನಡುವೆ ಬಂದ ಆಹ್ವಾನಗಳನ್ನು ಅದು ತಾನೇ ನಿರಾಕರಿಸುವಂತೆ ಮಾಡಬಹುದು. ಎರಡು ಬಾಗಿಲಿನ ಮನೆಗೆ ಎರಡು ಚೀಟಿ ಅಂಟಿಸಬೇಕು.

ಕೊನೆಯದಾಗಿ, ಯಂತ್ರ ಯಾವಾಗ ಸುಮ್ಮನಾಗಬೇಕು ಎಂಬುದು. ಜಿಮೇಲಿನಲ್ಲಿ `First day`, `Last day` ಎಂದು ಎರಡು ಮನೆಗಳಿವೆ. ಮೊದಲ ದಿನದ ನಡುರಾತ್ರಿಯಿಂದ ಕಡೆಯ ದಿನದ ರಾತ್ರಿ 11 ಗಂಟೆ 59 ನಿಮಿಷದವರೆಗೆ ಉತ್ತರಗಳು ಹೋಗುತ್ತವೆ. ನೋಡಿ, ‘ವರೆಗೆ’ಯ ಜಗಳವನ್ನು ಯಂತ್ರ ತನ್ನ ಮಟ್ಟಿಗೆ ತೀರಿಸಿಕೊಂಡಿದೆ: ಕಡೆಯ ದಿನ ಪೂರ್ತಿಯಾಗಿ ಒಳಗೆ ಸೇರಿತು. ಆದ್ದರಿಂದ ನಾನು ಆ ಮನೆಯಲ್ಲಿ ತುಂಬಬೇಕಾದದ್ದು 16, ಭಾನುವಾರ. 17 ಎಂದು ತುಂಬಿದರೆ, ನಾನು ಮೇಜಿನ ಮುಂದೆ ಕುಳಿತಿರುವಾಗಲೂ ಬರೆದವರನ್ನೆಲ್ಲ ಬೇರೆಯವರ ಬಳಿಗೆ ಅಟ್ಟುತ್ತಿರುತ್ತದೆ. ಸಂದೇಶದಲ್ಲಿ 17, ಯಂತ್ರದ ಮನೆಯಲ್ಲಿ 16, ಎರಡೂ ಸರಿ.

ಮರುವರ್ಷ ಮತ್ತೆ ಮೌಲ್ಯಮಾಪನಕ್ಕೆ ಹೊರಡಬೇಕಾಗಿ ಬಂತು. ಈ ಸಲ ಮೂರು ದಿನ ಮುಂಚೆಯೇ ಉತ್ತರವನ್ನು ಬರೆದೆ. ವಿಭಾಗದ ಮೇಡಂ ಒಬ್ಬರನ್ನು ಕೇಳಿ, ಅವರು ಒಪ್ಪಿದ ಮೇಲೆ ಅವರ ಹೆಸರನ್ನು ಹಾಕಿದೆ. ಅನಂತರ ಅದನ್ನು ಮುದ್ರಿಸಿ ನಮ್ಮ ವಿಭಾಗದ ಅಟೆಂಡರಿನ ಕೈಗೆ ಕೊಟ್ಟು, “ಇದನ್ನು ಓದಿ, ನಾನು ಯಾವತ್ತು ಸಿಗ್ತೀನಿ, ಅಷ್ಟರೊಳಗೆ ಯಾರನ್ನ ನೋಡ್ಬೇಕು, ಹೇಳಿ” ಎಂದೆ. ಎರಡು ಅರ್ಥವಿದ್ದರೆ ಅವರ ಬಾಯಲ್ಲಿ ಸಿಕ್ಕಿಬೀಳಲಿ ಎಂಬುದು ನನ್ನ ಆಲೋಚನೆ. ಅವರು ಕನ್ನಡಕವನ್ನು ಸರಿಮಾಡಿಕೊಂಡು ನಿಧಾನವಾಗಿ ಓದಿದರು. ದಿನವನ್ನೂ ಗಂಟೆಯನ್ನೂ ತಪ್ಪಿಲ್ಲದೆ ಹೇಳಿದರು. ನನಗೆ ಸಮಾಧಾನವಾಯಿತು. ಅವರು ಕಾಗದವನ್ನು ಹಿಂದಕ್ಕೆ ಕೊಡುತ್ತ, “ಆದ್ರೆ ಸಾರ್, ಮೇಡಂ ಆ ವಾರದಲ್ಲಿ ಎರಡು ದಿನ ರಜಾ ಬರೆದುಕೊಟ್ಟಿದ್ದಾರಲ್ಲ, ಅವರ ತಂಗಿ ಮದುವೆಗೆ?” ಎಂದರು.

ನಾನು ಕಾಗದವನ್ನು ತೆಗೆದುಕೊಂಡು, ಆ ಎರಡು ದಿನಗಳಿಗೆ ಇನ್ನೊಂದು ಹೆಸರನ್ನು ಹುಡುಕಲು ಪಕ್ಕದ ವಿಭಾಗದ ಕಡೆಗೆ ನಡೆದೆ.